ಎದುರಿನ ಅಂಗಡಿ ಬೆಲೆ ಇಳಿಸಿದರೆ? ನಾಲ್ಕು ಮನೆಯ ಕೋಷ್ಟಕ ಓದುವ ಬಗೆ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಕಾಫಿಪುಡಿ ಅಂಗಡಿಗಳಿಗೆ ಬರವಿಲ್ಲ. ಅಂಥ ಎರಡು ಅಂಗಡಿಗಳು ಎದುರುಬದುರು ಇವೆ ಅಂತ ಇಟ್ಟುಕೊಳ್ಳೋಣ. ಒಂದನ್ನು ಹಳೆ ಅಂಗಡಿ ಅನ್ನೋಣ, ಇನ್ನೊಂದನ್ನು ಹೊಸ ಅಂಗಡಿ. ಇಬ್ಬರೂ ಮಾರುವುದು ಹೆಚ್ಚುಕಡಿಮೆ ಒಂದೇ ಪುಡಿ. ಅರೇಬಿಕಾ, ರೊಬಸ್ಟಾ ಬೆರೆಸಿ ಹುರಿದು, ಒಂದಿಷ್ಟು ಚಿಕೋರಿ ಸೇರಿಸಿದ್ದು. ತಿಂಗಳ ಮೊದಲ ದಿನ ಇಬ್ಬರೂ ಆ ತಿಂಗಳ ಬೆಲೆ ನಿಗದಿ ಮಾಡಬೇಕು. ಕಿಲೋಗೆ 620 ರೂಪಾಯಿ ಇಡಬಹುದು, ಇಲ್ಲ 580 ಇಡಬಹುದು. ಎದುರಿನವರು ಏನು ಇಡುತ್ತಾರೆ ಅನ್ನುವುದು ಮುಂಚೆಯೇ ಗೊತ್ತಾಗುವುದಿಲ್ಲ.

ಇಬ್ಬರೂ 620 ಇಟ್ಟರೆ ಇಬ್ಬರಿಗೂ ಒಳ್ಳೆಯದು ಅಂತ ಯಾರಿಗಾದರೂ ಅನಿಸುತ್ತದೆ. ಆದರೂ ಕೊನೆಗೆ ಇಬ್ಬರೂ 580ಕ್ಕೆ ಇಳಿದುಬಿಡುವ ಸಾಧ್ಯತೆ ಬಹಳ. ಯಾಕೆ ಹಾಗೆ ಅನ್ನುವುದನ್ನು ಅರ್ಥಶಾಸ್ತ್ರದವರು ನಾಲ್ಕು ಮನೆಯ ಒಂದು ಪುಟ್ಟ ಕೋಷ್ಟಕದಲ್ಲಿ ತೋರಿಸುತ್ತಾರೆ. ಅದಕ್ಕೆ ಪೇಆಫ್ ಮ್ಯಾಟ್ರಿಕ್ಸ್ ಅನ್ನುತ್ತಾರೆ. ಪರೀಕ್ಷೆಗೆ ಓದುವವರು ಇದರ ಉತ್ತರವನ್ನು ಬಾಯಿಪಾಠ ಮಾಡುವುದು ಜಾಸ್ತಿ. ಅಂಕಿಗಳು ಎಲ್ಲಿಂದ ಬಂದವು ಅಂತ ನೋಡಿಕೊಂಡರೆ ಬಾಯಿಪಾಠ ಬೇಕಾಗುವುದೇ ಇಲ್ಲ. ಹಾಗಾಗಿ ಮೊದಲು ಅಂಕಿಗಳನ್ನೇ ಹುಟ್ಟಿಸೋಣ.

ಒಂದು ಕಿಲೋ ಪುಡಿ ತಯಾರಾಗಲು 500 ರೂಪಾಯಿ ಖರ್ಚು ಅಂತ ಹಿಡಿಯೋಣ. ಇಲ್ಲಿ ಬರುವ ಅಂಕಿಗಳೆಲ್ಲ ಲೆಕ್ಕ ಸುಲಭವಾಗಲಿ ಅಂತ ಇಟ್ಟುಕೊಂಡವು, ಮಾರುಕಟ್ಟೆಯ ದರ ಅಲ್ಲ. ಈ ಖರ್ಚು ಪುಡಿಯ ಕಿಲೋಗೆ, ಹಸಿ ಬೀಜದ ಕಿಲೋಗೆ ಅಲ್ಲ. ಹುರಿಯುವಾಗ ನೀರಿನಂಶ ಹೋಗಿ ಬೀಜದ ತೂಕ ಸುಮಾರು 15ರಿಂದ 20 ಶೇಕಡಾ ಕಡಿಮೆಯಾಗುತ್ತದೆ. ಅದನ್ನು ಮರೆತರೆ ಇರದ ಲಾಭ ಕಾಗದದ ಮೇಲೆ ಕಾಣಿಸುತ್ತದೆ, ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

620ಕ್ಕೆ ಮಾರಿದರೆ ಕಿಲೋಗೆ 120 ರೂಪಾಯಿ ಉಳಿಯುತ್ತದೆ. 580ಕ್ಕೆ ಮಾರಿದರೆ 80. ಇನ್ನು ಬೇಕಾಗಿರುವುದು ಎಷ್ಟು ಕಿಲೋ ಹೋಗುತ್ತದೆ ಅನ್ನುವುದು. ಅದು ಎದುರಿನವರ ಬೆಲೆಯ ಮೇಲೂ ನಿಂತಿದೆ.

ಇಬ್ಬರೂ 620 ಇಟ್ಟರೆ ತಲಾ 500 ಕಿಲೋ ಹೋಗುತ್ತದೆ ಅನ್ನೋಣ. 500ನ್ನು 120ರಿಂದ ಗುಣಿಸಿದರೆ ಒಬ್ಬೊಬ್ಬರಿಗೆ 60,000 ರೂಪಾಯಿ. ಇಬ್ಬರೂ 580ಕ್ಕೆ ಇಳಿದರೆ ಜನ ಸ್ವಲ್ಪ ಹೆಚ್ಚಿಗೆ ಕೊಳ್ಳುತ್ತಾರೆ, ತಲಾ 550 ಕಿಲೋ. 80ರಂತೆ 44,000. ಒಬ್ಬರು ಮಾತ್ರ ಇಳಿಸಿದರೆ ಗಿರಾಕಿಗಳು ಆ ಕಡೆಗೇ ದಾಟುತ್ತಾರೆ. ಇಳಿಸಿದವರಿಗೆ 900 ಕಿಲೋ, ಅಂದರೆ 72,000 ರೂಪಾಯಿ. ಇಳಿಸದೆ ಕೂತವರಿಗೆ 150 ಕಿಲೋ, ಅಂದರೆ 18,000.

ಇಷ್ಟನ್ನೂ ಕೋಷ್ಟಕಕ್ಕೆ ಹಾಕಿದರೆ ಹೀಗಾಗುತ್ತದೆ. ಅಂಕಿಗಳು ಸಾವಿರ ರೂಪಾಯಿಗಳಲ್ಲಿ ಇವೆ.

| | ಹೊಸ ಅಂಗಡಿ: 620 | ಹೊಸ ಅಂಗಡಿ: 580 |
|---|---|---|
| ಹಳೆ ಅಂಗಡಿ: 620 | 60, 60 | 18, 72 |
| ಹಳೆ ಅಂಗಡಿ: 580 | 72, 18 | 44, 44 |

ಹಳೆ ಅಂಗಡಿ ಆರಿಸುವುದು ಅಡ್ಡಸಾಲನ್ನು. ಹೊಸ ಅಂಗಡಿ ಆರಿಸುವುದು ಕಂಬಸಾಲನ್ನು. ಎರಡೂ ಕೂಡುವ ಕಡೆ ಒಂದು ಮನೆ ಸಿಗುತ್ತದೆ. ಮನೆಯ ಮೊದಲ ಅಂಕಿ ಯಾವಾಗಲೂ ಅಡ್ಡಸಾಲಿನವರದು, ಅಂದರೆ ಹಳೆ ಅಂಗಡಿಯದು. ಎರಡನೆಯದು ಹೊಸ ಅಂಗಡಿಯದು. ಮೇಲಿನ ಬಲ ಮನೆಯಲ್ಲಿ 18, 72 ಅಂತಿದೆ. ಹಳೆಯವರು 620ರಲ್ಲೇ ಉಳಿದರು, ಹೊಸಬರು ಇಳಿಸಿದರು, ಹಳೆಯವರಿಗೆ 18 ಸಾವಿರ, ಹೊಸಬರಿಗೆ 72 ಸಾವಿರ ಅಂತ ಅದರ ಅರ್ಥ.

ಅಂಗಡಿ ಬಾಡಿಗೆ ಎಲ್ಲಿ ಹೋಯಿತು ಅಂತ ಕೆಲವರು ಕೇಳಬಹುದು. ಬೇಕಿದ್ದರೆ ಕಳೆಯಿರಿ. ತಿಂಗಳ ಬಾಡಿಗೆ 15,000 ಆದರೆ ಹಳೆ ಅಂಗಡಿಯ ನಾಲ್ಕೂ ಅಂಕಿಗಳಿಂದ 15 ಹೋಗುತ್ತದೆ. 72 ಇದ್ದದ್ದು 57, 60 ಇದ್ದದ್ದು 45. ಆದರೆ ಯಾವುದು ದೊಡ್ಡದಿತ್ತೋ ಅದೇ ದೊಡ್ಡದಾಗಿ ಉಳಿಯುತ್ತದೆ. ಯಾವ ಬೆಲೆ ಇಟ್ಟರೂ ಕೊಡಲೇಬೇಕಾದ ಖರ್ಚು ಬೆಲೆಯ ತೀರ್ಮಾನವನ್ನು ಬದಲಿಸುವುದಿಲ್ಲ. ಬಾಡಿಗೆ ಏರಿತು, ಅದಕ್ಕೇ ಬೆಲೆ ಏರಿಸಿದೆ ಅನ್ನುವ ಮಾತು ಈ ಕೋಷ್ಟಕದ ಮುಂದೆ ನಿಲ್ಲುವುದಿಲ್ಲ.

ಈಗ ಓದುವ ಕೆಲಸ. ಹಳೆ ಅಂಗಡಿಯ ಗಲ್ಲಾಪೆಟ್ಟಿಗೆ ಹಿಂದೆ ಕೂತುಕೊಳ್ಳಿ. ಎದುರಿನವರ ಬೆಲೆ ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿಕೊಳ್ಳಬೇಕು. ಅವರು 620 ಇಟ್ಟರೆ ನನಗೆ ಯಾವುದು ಒಳ್ಳೆಯದು? ಇದಕ್ಕೆ ಎಡ ಕಂಬಸಾಲಿನಲ್ಲಿ ಮೇಲೆ ಕೆಳಗೆ ನೋಡಿ, ಮೊದಲ ಅಂಕಿಗಳನ್ನು ಮಾತ್ರ. ನಾನೂ 620 ಇಟ್ಟರೆ 60, 580 ಇಟ್ಟರೆ 72. ಇಳಿಸುವುದೇ ಮೇಲು. 72ರ ಕೆಳಗೆ ಒಂದು ಗೆರೆ ಎಳೆಯಿರಿ. ಅವರು 580 ಇಟ್ಟರೆ? ಬಲ ಕಂಬಸಾಲಿಗೆ ಬನ್ನಿ. 620 ಇಟ್ಟರೆ 18, 580 ಇಟ್ಟರೆ 44. ಆಗಲೂ ಇಳಿಸುವುದೇ ಮೇಲು. 44ರ ಕೆಳಗೆ ಗೆರೆ.

ಎರಡೂ ಗೆರೆ ಒಂದೇ ಅಡ್ಡಸಾಲಿನಲ್ಲಿ ಬಿದ್ದವು. ಎದುರಿನವರು ಏನೇ ಮಾಡಲಿ, ಹಳೆ ಅಂಗಡಿಗೆ 580 ಇಡುವುದೇ ಲಾಭ. ಹೀಗೆ ಎದುರಾಳಿಯ ಪ್ರತಿಯೊಂದು ನಡೆಗೂ ಒಂದೇ ಉತ್ತರ ಮೇಲಾಗಿ ಬಂದರೆ ಅದನ್ನು ಡಾಮಿನೆಂಟ್ ಸ್ಟ್ರಾಟಜಿ, ಅಂದರೆ ಪ್ರಬಲ ತಂತ್ರ ಅನ್ನುತ್ತಾರೆ. ಅದು ಇರುವವರು ಎದುರಿನವರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುತ್ತಾ ಕೂರಬೇಕಾಗಿಲ್ಲ.

ಹೊಸ ಅಂಗಡಿಯ ಸರದಿಯಲ್ಲಿ ಕಣ್ಣು ಓಡುವ ದಿಕ್ಕು ಬದಲಾಗುತ್ತದೆ. ಅವರು ಆರಿಸುವುದು ಕಂಬಸಾಲು. ಆದ್ದರಿಂದ ಒಂದು ಅಡ್ಡಸಾಲನ್ನು ಹಿಡಿದು ಎಡಬಲ ನೋಡಬೇಕು, ಎರಡನೆಯ ಅಂಕಿಗಳನ್ನು ಮಾತ್ರ. ಮೇಲಿನ ಸಾಲಿನಲ್ಲಿ 60 ಮತ್ತು 72. ಕೆಳಗಿನ ಸಾಲಿನಲ್ಲಿ 18 ಮತ್ತು 44. ಎರಡರಲ್ಲೂ ಬಲಗಡೆಯದೇ ದೊಡ್ಡದು, ಅವಕ್ಕೂ ಗೆರೆ ಎಳೆಯಿರಿ. ಅವರಿಗೂ 580 ಇಡುವುದೇ ಪ್ರಬಲ ತಂತ್ರ.

ಎರಡು ಅಂಕಿಗೂ ಗೆರೆ ಬಿದ್ದ ಮನೆ ಒಂದೇ, ಕೆಳಗಿನ ಬಲ ಮನೆ. ಅದೇ ಸಮತೋಲನ. ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಒಂದು ಪುಟ್ಟ ಲೇಖನದಲ್ಲಿ ಇದನ್ನು ಎಷ್ಟೇ ಜನ ಆಡುವ ಆಟಗಳಿಗೂ, ಅಂದರೆ ಒಬ್ಬರ ಗಳಿಕೆ ಇತರರ ನಡೆಯ ಮೇಲೂ ನಿಂತಿರುವ ಸನ್ನಿವೇಶಗಳಿಗೂ ಅನ್ವಯವಾಗುವಂತೆ ಹೇಳಿದರು. ಹಾಗಾಗಿ ನ್ಯಾಶ್ ಸಮತೋಲನ ಅನ್ನುವ ಹೆಸರು. 1994ರಲ್ಲಿ ಅವರಿಗೆ ಹರ್ಸಾನಿ ಮತ್ತು ಸೆಲ್ಟನ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಒಂದು ಮನೆ ಸಮತೋಲನ ಹೌದೋ ಅಲ್ಲವೋ ಅಂತ ಪರೀಕ್ಷಿಸುವುದು ಸುಲಭ. ಇಬ್ಬರನ್ನೂ ಆ ಮನೆಯಲ್ಲಿ ನಿಲ್ಲಿಸಿ. ಒಬ್ಬರು ಕದಲದೆ ನಿಂತಿರುವಾಗ ಇನ್ನೊಬ್ಬರು ತಾವೊಬ್ಬರೇ ಬೆಲೆ ಬದಲಿಸಿದರೆ ಲಾಭವಿದೆಯಾ ಅಂತ ಕೇಳಿ. 44, 44ರಲ್ಲಿ ಹಳೆಯವರೊಬ್ಬರೇ 620ಕ್ಕೆ ಏರಿದರೆ 44 ಹೋಗಿ 18 ಬರುತ್ತದೆ. ಹೊಸಬರೊಬ್ಬರೇ ಏರಿದರೂ ಅಷ್ಟೇ. ಯಾರಿಗೂ ಕದಲುವ ಆಸೆ ಇಲ್ಲ. ಈಗ 60, 60ರಲ್ಲಿ ನಿಲ್ಲಿಸಿ. ಯಾರು ಇಳಿಸಿದರೂ ಅವರಿಗೆ 72 ಸಿಗುತ್ತದೆ. ಇಬ್ಬರಿಗೂ ಕದಲುವ ಆಸೆ ಇದೆ. 18, 72ರಲ್ಲಿ ಹೊಸಬರು ಖುಷಿಯಾಗಿದ್ದಾರೆ, ಆದರೆ ಹಳೆಯವರು ಇಳಿಸಿದರೆ 18ರ ಬದಲು 44 ಸಿಗುವುದರಿಂದ ಅವರು ನಿಲ್ಲುವುದಿಲ್ಲ. ನಾಲ್ಕನೆಯ ಮನೆಯೂ ಹೀಗೇ ಬೀಳುತ್ತದೆ.

ತಪ್ಪು ಸಾಮಾನ್ಯವಾಗಿ ಎಲ್ಲಿ ಆಗುತ್ತದೆ ಅಂದರೆ, ಒಂದೇ ಮನೆಯೊಳಗಿನ ಎರಡು ಅಂಕಿಗಳನ್ನು ಹೋಲಿಸುವಲ್ಲಿ. 72, 18 ನೋಡಿದ ಕೂಡಲೇ "ಹಳೆಯವರು ಗೆದ್ದರು, ಅದಕ್ಕೇ 580 ಪ್ರಬಲ" ಅಂತ ಬರೆದುಬಿಡುತ್ತಾರೆ. ಉತ್ತರ ಸರಿ, ಕಾರಣ ತಪ್ಪು. ಅಂಕಿ ಬದಲಾದ ದಿನ ಉತ್ತರವೂ ತಪ್ಪುತ್ತದೆ. ಎದುರಿನವರಿಗಿಂತ ಹೆಚ್ಚು ಗಳಿಸಿದೆನಾ ಅನ್ನುವುದು ಇಲ್ಲಿನ ಪ್ರಶ್ನೆಯೇ ಅಲ್ಲ. ಅವರ ಬೆಲೆ ಹಾಗೇ ಇರುವಾಗ ನನ್ನ ಇನ್ನೊಂದು ಬೆಲೆಯಿಂದ ನನಗೆ ಹೆಚ್ಚು ಬರುತ್ತಿತ್ತಾ ಅನ್ನುವುದು ಪ್ರಶ್ನೆ. ಇನ್ನೊಂದು ತಪ್ಪು, ಮೊತ್ತ ದೊಡ್ಡದಿರುವ ಮನೆಯನ್ನು ಸಮತೋಲನ ಅನ್ನುವುದು. 60 ಮತ್ತು 60 ಕೂಡಿದರೆ 120, 44 ಮತ್ತು 44 ಕೂಡಿದರೆ 88. ಮೊದಲ ಮನೆ ಇಬ್ಬರಿಗೂ ಒಳ್ಳೆಯದು ಅನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿ ಯಾರೂ ನಿಲ್ಲಲಾರರು. ಉತ್ತರ ಬರೆಯುವಾಗಲೂ ಸಮತೋಲನ 44, 44 ಅಂತ ಬರೆಯದೆ "ಇಬ್ಬರೂ 580" ಅಂತ ಬರೆಯಬೇಕು. ಸಮತೋಲನ ಅನ್ನುವುದು ನಡೆಗಳ ಜೋಡಿ. ದುಡ್ಡು ಅದರಿಂದ ಬಂದದ್ದು.

ಇಬ್ಬರೂ ಒಂದು ಮಾತು ಆಡಿಕೊಂಡರೆ ಆಗಲ್ವಾ? ಹಿಂದಿನ ದಿನ ಕೂತು ನಾಳೆ ಇಬ್ಬರೂ 620 ಅಂತ ಒಪ್ಪಿಕೊಂಡರು ಅನ್ನಿ. ಒಪ್ಪಿಕೊಂಡದ್ದರಿಂದ ಕೋಷ್ಟಕದ ಒಂದು ಅಂಕಿಯೂ ಬದಲಾಗಲಿಲ್ಲ. ಎದುರಿನವರು ಮಾತು ಉಳಿಸಿಕೊಂಡರೆ ನಾನು ಇಳಿಸಿ 72 ಪಡೆಯಬಹುದು. ಅವರು ಮಾತು ಮುರಿದರೆ ನಾನು ಇಳಿಸದಿದ್ದರೆ 18ಕ್ಕೆ ಬೀಳುತ್ತೇನೆ. ಎರಡು ಕಡೆಯಿಂದಲೂ 580ರ ಕಡೆಗೇ ಎಳೆತ. ಜೊತೆಗೆ ಇಂಥ ಒಪ್ಪಂದ ಕಾನೂನಿನ ಪ್ರಕಾರವೂ ತಪ್ಪು. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಪ್ರತಿಸ್ಪರ್ಧಿಗಳು ಸೇರಿ ಬೆಲೆ ನಿಗದಿ ಮಾಡಿಕೊಳ್ಳುವುದನ್ನು ತಡೆಯುತ್ತದೆ. ಹಾಗಾಗಿ ಮಾತು ಮುರಿದವರ ಮೇಲೆ ದಾವೆ ಹೂಡಲೂ ಆಗುವುದಿಲ್ಲ. ಈ ಆಟದಲ್ಲಿ ಸೋತವರು ಅಂಗಡಿಯವರು, ಗೆದ್ದವರು ಕೊಳ್ಳುವವರು. ಕಿಲೋಗೆ 40 ರೂಪಾಯಿ ಅವರ ಜೇಬಿನಲ್ಲೇ ಉಳಿಯಿತು. ಪಾಠದಲ್ಲಿ ಇದನ್ನು ದುರಂತದ ಹಾಗೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಮೊದಲ ಕೋಷ್ಟಕದಲ್ಲಿ ಎರಡು ಅಂಗಡಿಗಳೂ ಒಂದೇ ಥರ ಇದ್ದವು. ನಿಜದಲ್ಲಿ ಹಳೆ ಅಂಗಡಿಗೆ ಹಳೇ ಗಿರಾಕಿಗಳಿರುತ್ತಾರೆ. ಆ ಅಂಗಡಿಯ ಪುಡಿ ಹಾಕಿದರೇನೇ ಡಿಕಾಕ್ಷನ್ ಸರಿ ಇಳಿಯುವುದು ಅನ್ನುವ ಮನೆಗಳಿವೆ. 40 ರೂಪಾಯಿ ವ್ಯತ್ಯಾಸಕ್ಕೆ ಅವರು ಅಂಗಡಿ ಬದಲಿಸುವುದಿಲ್ಲ. ಅದನ್ನು ಲೆಕ್ಕಕ್ಕೆ ತಂದರೆ ಆಟವೇ ಬದಲಾಗುತ್ತದೆ.

ಇಬ್ಬರೂ 620 ಇಟ್ಟರೆ ಹಳೆಯವರಿಗೆ 600 ಕಿಲೋ, ಹೊಸಬರಿಗೆ 400 ಅನ್ನೋಣ. ಹಳೆಯವರು ಮಾತ್ರ ಇಳಿಸಿದರೆ ಅವರಿಗೆ 850, ಹೊಸಬರಿಗೆ 200. ಹೊಸಬರು ಮಾತ್ರ ಇಳಿಸಿದರೆ ಹಳೆಯವರಿಗೆ 350, ಹೊಸಬರಿಗೆ 700. ಇಬ್ಬರೂ ಇಳಿಸಿದರೆ 600 ಮತ್ತು 500. ಮೊದಲಿನಂತೆಯೇ 120 ಮತ್ತು 80ರಿಂದ ಗುಣಿಸಿ.

| | ಹೊಸ ಅಂಗಡಿ: 620 | ಹೊಸ ಅಂಗಡಿ: 580 |
|---|---|---|
| ಹಳೆ ಅಂಗಡಿ: 620 | 72, 48 | 42, 56 |
| ಹಳೆ ಅಂಗಡಿ: 580 | 68, 24 | 48, 40 |

ಹಳೆ ಅಂಗಡಿಯ ಅಂಕಿ ನೋಡಿ. ಹೊಸಬರು 620 ಇಟ್ಟರೆ 72 ಮತ್ತು 68. ಇಳಿಸದೆ ಇರುವುದೇ ಲಾಭ. ಹೆಚ್ಚಿನ ಗಿರಾಕಿಗಳು ಹೇಗೂ ಅವರ ಹತ್ತಿರವೇ ಇದ್ದಾರೆ, ಇಳಿಸಿದರೆ ಅವರಿಗೂ ಸುಮ್ನೆ 40 ರೂಪಾಯಿ ಬಿಟ್ಟುಕೊಟ್ಟ ಹಾಗೆ. ಹೊಸಬರು 580 ಇಟ್ಟರೆ 42 ಮತ್ತು 48. ಆಗ ಇಳಿಸುವುದು ಲಾಭ. ಎರಡು ಗೆರೆ ಎರಡು ಬೇರೆ ಸಾಲಿನಲ್ಲಿ ಬಿದ್ದವು. ಅಂದರೆ ಹಳೆಯವರಿಗೆ ಪ್ರಬಲ ತಂತ್ರ ಅನ್ನುವುದೇ ಇಲ್ಲ.

ಹಾಗಂತ ಉತ್ತರವಿಲ್ಲ ಅಂತ ಅಲ್ಲ. ಹಳೆಯವರು ಹೊಸಬರ ಅಂಕಿಗಳನ್ನು ಓದಬಹುದು. ಮೇಲಿನ ಸಾಲಿನಲ್ಲಿ 48 ಮತ್ತು 56, ಕೆಳಗಿನ ಸಾಲಿನಲ್ಲಿ 24 ಮತ್ತು 40. ಹೊಸಬರಿಗೆ 580 ಪ್ರಬಲ. ಅವರು ಹೇಗೂ 580 ಇಡುತ್ತಾರೆ ಅಂತ ಹಳೆಯವರಿಗೆ ಗೊತ್ತಾಯಿತು. ಹೊಸಬರ 620ರ ಕಂಬಸಾಲನ್ನು ಹೊಡೆದುಹಾಕಿ. ಉಳಿದದ್ದು 42 ಮತ್ತು 48. ಹಳೆಯವರು 580 ಇಡುತ್ತಾರೆ. ಸಮತೋಲನ ಮತ್ತೆ ಇಬ್ಬರೂ 580ರಲ್ಲೇ, ಆದರೆ ಬಂದ ದಾರಿ ಬೇರೆ. ಈ ಸಲ ಹಳೆಯವರು ಎದುರಿನವರು ಲೆಕ್ಕ ಬಲ್ಲವರು ಅಂತ ನಂಬಬೇಕಾಯಿತು. ಆ ನಂಬಿಕೆ ತಪ್ಪಿದರೆ ಅವರ ನಡೆಯೂ ತಪ್ಪುತ್ತದೆ. ಪ್ರಬಲ ತಂತ್ರ ಇದ್ದವರಿಗೆ ಈ ಚಿಂತೆ ಇರಲಿಲ್ಲ.

ಹಳೆಯವರ ತೀರ್ಮಾನ ನಿಂತಿರುವುದು ಒಂದೇ ಅಂಕಿಯ ಮೇಲೆ. ಹೊಸಬರು ಇಳಿಸಿದಾಗ ತಮ್ಮಲ್ಲಿ ಎಷ್ಟು ಕಿಲೋ ಉಳಿಯುತ್ತದೆ? ತಾವೂ ಇಳಿಸಿದರೆ 48,000 ಬರುತ್ತದೆ. 620ರಲ್ಲೇ ಇದ್ದು ಅಷ್ಟು ಗಳಿಸಬೇಕಾದರೆ 48,000ವನ್ನು 120ರಿಂದ ಭಾಗಿಸಿ, 400 ಕಿಲೋ. ನಮ್ಮ ಕೋಷ್ಟಕದಲ್ಲಿ ಉಳಿದದ್ದು 350, ಹಾಗಾಗಿ ಇಳಿಸಬೇಕಾಯಿತು. 420 ಉಳಿದಿದ್ದರೆ? ಆಗ 50,400 ಬರುತ್ತದೆ, 48,000ಕ್ಕಿಂತ ಜಾಸ್ತಿ. ಹೊಸಬರು ಏನೇ ಮಾಡಲಿ, ಹಳೆಯವರಿಗೆ 620 ಪ್ರಬಲ ತಂತ್ರವಾಗಿಬಿಡುತ್ತದೆ. ಹೊಸಬರಿಗೆ ಆಗ 640 ಕಿಲೋ ಹೋಗುತ್ತದೆ ಅನ್ನೋಣ, 51,200 ರೂಪಾಯಿ. ಅವರಿಗೆ ಇನ್ನೂ ಇಳಿಸುವುದೇ ಲಾಭ, ಯಾಕೆಂದರೆ 620 ಇಟ್ಟರೆ 48,000 ಮಾತ್ರ. ಈಗ ಸಮತೋಲನ ಮೇಲಿನ ಬಲ ಮನೆಗೆ ಬಂತು. ಹಳೆಯವರು 620, ಹೊಸಬರು 580. ಒಂದೇ ರಸ್ತೆಯಲ್ಲಿ ಎರಡು ಬೆಲೆ, ಇಬ್ಬರೂ ನೆಮ್ಮದಿಯಾಗಿದ್ದಾರೆ. ಇದನ್ನು ನೋಡಿ ಹಳೆಯವರಿಗೆ ವ್ಯಾಪಾರ ಗೊತ್ತಿಲ್ಲ ಅನ್ನುವವರು ಆ 400 ಕಿಲೋ ಲೆಕ್ಕ ಹಾಕಿಲ್ಲ.

ಇನ್ನೂ ಒಂದು ಹೆಜ್ಜೆ ಹೋಗಬಹುದು. ಹಳೆಯವರ ಗಿರಾಕಿಗಳು ಇನ್ನಷ್ಟು ಗಟ್ಟಿಯಾಗಿದ್ದು, ಬೆಲೆ ಇಳಿಸಿದರೂ ಹೊಸಬರಿಗೆ 590 ಕಿಲೋ ಮಾತ್ರ ಹೋಗುತ್ತದೆ ಅನ್ನಿ. 47,200 ರೂಪಾಯಿ. ಇಳಿಸದಿದ್ದರೆ 48,000. ಹೊಸಬರೂ ಇಳಿಸುವುದಿಲ್ಲ. ಯಾರೊಂದಿಗೂ ಮಾತಾಡಿಕೊಳ್ಳದೆ, ಯಾವ ಒಪ್ಪಂದವೂ ಇಲ್ಲದೆ, ಇಬ್ಬರೂ 620ರಲ್ಲಿ ನಿಲ್ಲುತ್ತಾರೆ. ಅದೇ ಎರಡು ಅಂಗಡಿ, ಅದೇ ಎರಡು ಬೆಲೆ. ಬದಲಾದದ್ದು ದಾಟಿಹೋಗುವ ಗಿರಾಕಿಗಳ ಸಂಖ್ಯೆ ಮಾತ್ರ. ಎರಡು ಅಂಗಡಿಗಳಲ್ಲಿ ಒಂದೇ ಬೆಲೆ ಇದೆ ಅಂದ ಮಾತ್ರಕ್ಕೆ ಅವರು ಒಳಗೊಳಗೇ ಒಪ್ಪಿಕೊಂಡಿದ್ದಾರೆ ಅನ್ನಲು ಬರುವುದಿಲ್ಲ ಅನ್ನುವುದು ಇದಕ್ಕೇ. ಅಷ್ಟೇ ಅಲ್ಲ, ಬೀಜದ ದರ ಏರಿದಾಗ ಇಬ್ಬರ ಖರ್ಚೂ ಒಟ್ಟಿಗೇ ಏರುತ್ತದೆ, ಆಗ ಒಪ್ಪಂದವಿಲ್ಲದೆಯೂ ಇಬ್ಬರ ಬೆಲೆ ಒಟ್ಟಿಗೇ ಏರಬಹುದು.

ಕೆಲವು ಕೋಷ್ಟಕಗಳಲ್ಲಿ ಇಬ್ಬರಿಗೂ ಪ್ರಬಲ ತಂತ್ರ ಇರುವುದಿಲ್ಲ. ಆಗ ಎರಡು ಮನೆಗಳು ಸಮತೋಲನವಾಗಬಹುದು, ಒಂದೂ ಆಗದೆಯೂ ಇರಬಹುದು. ಒಂದೂ ಸಿಗದಿದ್ದರೆ ಆಟಗಾರರು ಇಷ್ಟಿಷ್ಟು ಸಲ ಇದು, ಇಷ್ಟಿಷ್ಟು ಸಲ ಅದು ಅಂತ ಬೆರೆಸಿ ಆಡುವುದರಲ್ಲಿ ಸಮತೋಲನ ಸಿಗುತ್ತದೆ ಅಂತ ನ್ಯಾಶ್ ಸಾಧಿಸಿದ್ದರು. ಗೆರೆ ಎಳೆಯುವ ಕ್ರಮ ಮಾತ್ರ ಎಲ್ಲದಕ್ಕೂ ಇದೇ. ಎರಡು ಅಂಕಿ ಸಮವಾಗಿ ಬಂದರೆ ಎರಡಕ್ಕೂ ಗೆರೆ ಎಳೆಯಬೇಕು.

ಕೋಷ್ಟಕದ ದೊಡ್ಡ ಮಿತಿ ಬೇರೆಯೇ ಇದೆ. ಅದು ಒಂದು ತಿಂಗಳನ್ನು ಮಾತ್ರ ನೋಡುತ್ತದೆ. ಅಂಗಡಿಗಳು ಮುಂದಿನ ತಿಂಗಳೂ ಅಲ್ಲೇ ಇರುತ್ತವೆ. ಮೊದಲ ಕೋಷ್ಟಕಕ್ಕೆ ವಾಪಸ್ ಬನ್ನಿ. ಇಬ್ಬರೂ 620ರಲ್ಲಿದ್ದಾರೆ, ತಲಾ 60. ಈ ತಿಂಗಳು ಹಳೆಯವರು ಇಳಿಸಿದರೆ 72, ಅಂದರೆ 12 ಸಾವಿರ ಹೆಚ್ಚು. ಹೊಸಬರು ಅದನ್ನು ನೋಡಿ ಮುಂದಿನ ತಿಂಗಳಿಂದ ತಾವೂ 580 ಇಟ್ಟು ಅಲ್ಲೇ ನಿಂತುಬಿಟ್ಟರೆ, ಆಮೇಲಿನ ಪ್ರತಿ ತಿಂಗಳೂ ಇಬ್ಬರಿಗೂ 44. ಹಳೆಯವರಿಗೆ ಒಂದು ಸಲ 12 ಸಾವಿರ ಬಂತು, ಆಮೇಲೆ ತಿಂಗಳು ತಿಂಗಳೂ 16 ಸಾವಿರ ಹೋಯಿತು. ಮುಂದಿನ ತಿಂಗಳುಗಳ ಮೇಲೆ ಕಣ್ಣಿದ್ದವರು ಇಳಿಸುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಒಂದು ತಿಂಗಳ ಆಟದಲ್ಲಿ ನಿಲ್ಲದ 60, 60 ಇಲ್ಲಿ ನಿಲ್ಲಬಹುದು.

ಆದರೆ ಅದು ನಿಲ್ಲಲು ಕೊನೆಯ ತಿಂಗಳು ಯಾವುದು ಅಂತ ಗೊತ್ತಿರಬಾರದು. ಹೊಸ ಅಂಗಡಿಯ ಬಾಡಿಗೆ ಕರಾರು ಮಾರ್ಚ್‌ಗೆ ಮುಗಿಯುತ್ತದೆ, ಅವರು ಅಂಗಡಿ ಮುಚ್ಚುತ್ತಾರೆ ಅಂತ ಇಬ್ಬರಿಗೂ ಗೊತ್ತಿದ್ದರೆ, ಮಾರ್ಚ್‌ನಲ್ಲಿ ಹೆದರಿಕೆಗೆ ಕಾರಣವಿಲ್ಲ. ಇಬ್ಬರೂ ಇಳಿಸುತ್ತಾರೆ. ಮಾರ್ಚ್‌ನಲ್ಲಿ ಹೇಗೂ ಇಳಿಸುವುದು ಖಚಿತವಾದರೆ ಫೆಬ್ರವರಿಯಲ್ಲಿ ತಡೆದುಕೊಂಡು ಸಿಗುವುದೇನು? ಆಗಲೂ ಇಳಿಸುತ್ತಾರೆ. ಹೀಗೆ ಹಿಂದಕ್ಕೆ ಬರುತ್ತಾ ಮೊದಲ ತಿಂಗಳಿಗೇ ಒಪ್ಪಂದ ಬಿಚ್ಚಿಕೊಳ್ಳುತ್ತದೆ. ಲೆಕ್ಕ ಹೇಳುವುದು ಹೀಗೆ. ಮನುಷ್ಯರು ಅಷ್ಟು ದೂರ ಹಿಂದಕ್ಕೆ ಲೆಕ್ಕ ಹಾಕುವುದಿಲ್ಲ. 1950ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ಇದೇ ಬಗೆಯ ಒಂದು ಕೋಷ್ಟಕ ಕೊಟ್ಟು ಇಬ್ಬರಿಂದ 100 ಸಲ ಆಡಿಸಿದರು. ಆಟ 100 ಸಲ ಮಾತ್ರ ಅಂತ ಇಬ್ಬರಿಗೂ ಗೊತ್ತಿತ್ತು. ಲೆಕ್ಕದ ಪ್ರಕಾರ 100 ಸಲವೂ ಇಬ್ಬರೂ ಪ್ರಬಲ ತಂತ್ರವನ್ನೇ ಹಿಡಿಯಬೇಕಿತ್ತು. ಆದರೆ 60 ಸಲ ಇಬ್ಬರೂ ಅದನ್ನು ಬಿಟ್ಟು, ಒಬ್ಬರಿಗೊಬ್ಬರು ಸಹಕರಿಸುವ ಮನೆಯಲ್ಲೇ ನಿಂತಿದ್ದರು.